ಗಾಡಿ ನಂಬರ್ ಅದ, ಮನಿ ಎಲ್ಲದ?

ಹಳ್ಳಿಯಿಂದ ಬಂದು ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದವನ ಮೇಲೆ ಊರಿಗೆ ಒಂದು ವಿಚಿತ್ರ ನಂಬಿಕೆ ಇರುತ್ತದೆ. ಪ್ರಿಂಟರ್ ರಿಪೇರಿ ಅವನಿಗೆ ಬರುತ್ತದೆ, ರಿಸಲ್ಟ್ ಎರಡು ದಿನ ಮೊದಲೇ ಅವನಿಗೆ ಕಾಣುತ್ತದೆ, ಮತ್ತು ಯಾರ ಹೆಸರು ಕೊಟ್ಟರೂ ಅವರ ಮನೆ ಎಲ್ಲಿದೆ ಅಂತ ಅವನು ಹುಡುಕಿ ಕೊಡುತ್ತಾನೆ. ಮೊದಲಿನ ಎರಡನ್ನು ನಗುತ್ತಾ ದಾಟಿಸಬಹುದು. ಮೂರನೆಯದು ನನ್ನ ಪಾಲಿಗೆ ಬಂದದ್ದು 2024ರ ಡಿಸೆಂಬರ್‌ನಲ್ಲಿ, ನಗುವ ಸಂದರ್ಭದಲ್ಲಿ ಅಲ್ಲ.

ಕಲಬುರಗಿಯಿಂದ ಹುಮನಾಬಾದ್ ಕಡೆ ಹೋಗುವ ಹೆದ್ದಾರಿಯಲ್ಲಿ ಕಮಲಾಪುರ ಬರುತ್ತದೆ. ಕೆಂಪು ಬಾಳೆಹಣ್ಣಿನಿಂದ ನಿಮಗೆ ಹೆಸರು ಗೊತ್ತಿರಬಹುದು. ನಮ್ಮ ಊರು ಅದರ ಹತ್ತಿರದ ಹಳ್ಳಿ. ನಮ್ಮ ಕಾಕಾ ಸಂಜೆ ಹೊಲದಿಂದ ಟಿವಿಎಸ್ ಮೇಲೆ ಬರುವಾಗ ಹಿಂದಿನಿಂದ ಒಂದು ಬಿಳಿ ಕಾರು ಗುದ್ದಿತು. ಕಾರು ಐವತ್ತು ಮೀಟರ್ ಮುಂದೆ ಹೋಗಿ ನಿಂತಿತು, ಒಳಗಿದ್ದವನು ಬಾಗಿಲು ತೆಗೆದು ತಿರುಗಿ ನೋಡಿದ, ಮತ್ತೆ ಹೊರಟುಹೋದ. ರಸ್ತೆ ಬದಿಯಲ್ಲಿ ಬಾಳೆಹಣ್ಣು ಮಾರುತ್ತಿದ್ದ ಹೆಣ್ಣುಮಗಳೊಬ್ಬಳು ಜಾಣೆ, ನಂಬರನ್ನು ರಟ್ಟಿನ ಡಬ್ಬಿಯ ಮೇಲೆ ಬರೆದಿಟ್ಟಳು. ಕೆಎ 38, ಅಂದರೆ ಬೀದರ್ ನೋಂದಣಿ. ಕಾಕಾನ ಮೊಣಕಾಲಿನ ಕೆಳಗಿನ ಎಲುಬು ಎರಡು ಕಡೆ ಮುರಿದಿತ್ತು. ಕಲಬುರಗಿಯ ಸರ್ಕಾರಿ ಆಸ್ಪತ್ರೆಯಲ್ಲಿ ರಾಡ್ ಹಾಕಿದರು.

ರಾತ್ರಿ ಹನ್ನೊಂದಕ್ಕೆ ಕಾಕಾನ ಮಗ ಫೋನ್ ಮಾಡಿದ. "ಅಣ್ಣ, ಗಾಡಿ ನಂಬರ್ ವಾಟ್ಸಾಪ್ ಮಾಡೀನಿ ನೋಡು. ಅವನ ಮನಿ ಎಲ್ಲದ ಅಂತ ತೆಗೆದು ಕೊಡು. ನಾವು ಐದು ಮಂದಿ ರೆಡಿ ಅದೀವಿ, ಬೆಳಗಾಗದ್ರಾಗ ಹೋಗಿ ಕೇಳ್ಕೊಂಡು ಬರ್ತೀವಿ."

ಐದು ಮಂದಿ ಬೆಳಗಾಗುವುದರೊಳಗೆ ಹೋಗಿ ಏನು ಕೇಳುತ್ತಾರೆ ಅಂತ ನಾನು ವಿವರಿಸಬೇಕಿಲ್ಲ. ಆದರೆ ಅವನ ಸಿಟ್ಟು ಸುಳ್ಳಲ್ಲ. ಅಪ್ಪನನ್ನು ರಸ್ತೆಯಲ್ಲಿ ಬಿಟ್ಟು ಹೋದವನು ಎಲ್ಲಿದ್ದಾನೆ ಅಂತ ಕೇಳುವ ಹಕ್ಕು ಮಗನಿಗಿಲ್ಲವಾ? ಇದೆ. ಆ ಹಕ್ಕು ಯಾವ ಬಾಗಿಲಿನಿಂದ ಒಳಗೆ ಹೋಗುತ್ತದೆ ಅನ್ನುವುದೇ ಈ ಬರಹ.

ಮೊದಲು, ನಂಬರ್ ಹಾಕಿದರೆ ಏನು ಸಿಗುತ್ತದೆ. ಸಾರಿಗೆ ಇಲಾಖೆಯ ವಾಹನ್ ತಾಣ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ನಿಮ್ಮ ಮೊಬೈಲಿಗೆ ಒಟಿಪಿ ಬಂದ ಮೇಲೆ ಯಾವ ಗಾಡಿಯ ನಂಬರನ್ನಾದರೂ ಹಾಕಬಹುದು. ಯಾವ ಆರ್‌ಟಿಒ, ಯಾವ ಮಾಡೆಲ್, ಯಾವಾಗ ನೋಂದಣಿ, ಇನ್ಶೂರೆನ್ಸ್ ಎಲ್ಲಿಯವರೆಗೆ ಇದೆ, ಇವೆಲ್ಲ ಬರುತ್ತವೆ. ಮಾಲೀಕರ ಹೆಸರು ಬರುತ್ತದೆ, ಆದರೆ ಒಂದೆರಡು ಅಕ್ಷರ ಬಿಟ್ಟು ನಡುವೆ ಎಲ್ಲ ನಕ್ಷತ್ರ ಚಿಹ್ನೆಗಳು. ವಿಳಾಸ ಇಲ್ಲವೇ ಇಲ್ಲ. ಡೇಟಾಬೇಸ್‌ನಲ್ಲಿ ಇಲ್ಲ ಅಂತಲ್ಲ. ಆರ್‌ಸಿಯಲ್ಲಿ ಅಚ್ಚಾಗಿರುವ ವಿಳಾಸ ಅದೇ ಟೇಬಲ್‌ನಿಂದ ಬಂದದ್ದು. ನಮಗೆ ತೋರಿಸಬಾರದು ಅಂತ ತೀರ್ಮಾನಿಸಿ ತೆಗೆದಿದ್ದಾರೆ.

ಇದನ್ನು ಹೇಳಿದರೆ ತಮ್ಮ ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು. "ಮೊದಲು ಟೆಲಿಫೋನ್ ಡೈರೆಕ್ಟರಿನಾಗ ಎಲ್ಲಾರ ಅಡ್ರೆಸ್ ಇರ್ತಿತ್ತಲ್ಲ ಅಣ್ಣ, ಆವಾಗ ಯಾರಿಗ್ ಏನಾಗ್ಯಾದ?"

ಆ ದಪ್ಪ ಪುಸ್ತಕ ನನಗೂ ನೆನಪಿದೆ. ಆದರೆ ಅದು ಹೆಸರಿನ ಅಕಾರಾದಿಯಲ್ಲಿತ್ತು. ಹೆಸರು ಗೊತ್ತಿದ್ದವರಿಗೆ ಮಾತ್ರ ವಿಳಾಸ ಸಿಗುತ್ತಿತ್ತು. ರಸ್ತೆಯಲ್ಲಿ ಕಂಡ ಒಂದು ಸಂಖ್ಯೆಯಿಂದ ಹಿಮ್ಮುಖವಾಗಿ ಮನೆಯ ತನಕ ಹೋಗಲು ಅದರಲ್ಲಿ ದಾರಿ ಇರಲಿಲ್ಲ. ಗಾಡಿಯ ನಂಬರ್ ಹಾಗಲ್ಲ. ಅದನ್ನು ಎಲ್ಲರಿಗೂ ಕಾಣುವ ಹಾಗೆ ಹಿಂದೆ ಮುಂದೆ ಬರೆದುಕೊಂಡೇ ತಿರುಗಬೇಕು ಅಂತ ಕಾನೂನೇ ಹೇಳುತ್ತದೆ. ಕಾಣಲೇಬೇಕಾದ ಒಂದು ಸಂಖ್ಯೆಗೂ ಮುಚ್ಚಿಡಬೇಕಾದ ಒಂದು ಮನೆಗೂ ಸರ್ಕಾರವೇ ಗಂಟು ಹಾಕಿ ವೆಬ್‌ಸೈಟಿನಲ್ಲಿಟ್ಟರೆ, ಸಿಗ್ನಲ್‌ನಲ್ಲಿ ಸ್ಕೂಟರ್ ನಿಲ್ಲಿಸಿದ ಹುಡುಗಿಯ ಮನೆ ಹಿಂದಿನ ಬೈಕಿನವನಿಗೆ ಹಸಿರು ದೀಪ ಬರುವುದರೊಳಗೆ ಗೊತ್ತಾಗುತ್ತದೆ.

ಇದು ಕಲ್ಪನೆಯ ಭಯವಲ್ಲ. 1989ರ ಜುಲೈನಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ರೆಬೆಕಾ ಶೇಫರ್ ಎಂಬ 21 ವರ್ಷದ ನಟಿಯನ್ನು ಅವಳ ಮನೆ ಬಾಗಿಲಲ್ಲೇ ಒಬ್ಬ ಅಭಿಮಾನಿ ಗುಂಡಿಟ್ಟು ಕೊಂದ. ಅವನಿಗೆ ಮನೆ ಸಿಕ್ಕಿದ್ದು ಹೇಗೆ? ಒಬ್ಬ ಖಾಸಗಿ ಪತ್ತೇದಾರನಿಗೆ ದುಡ್ಡು ಕೊಟ್ಟ, ಆ ಪತ್ತೇದಾರ ಕ್ಯಾಲಿಫೋರ್ನಿಯಾದ ಮೋಟಾರು ವಾಹನ ಇಲಾಖೆಯ ದಾಖಲೆಯಿಂದ ವಿಳಾಸ ತೆಗೆದುಕೊಟ್ಟ. ಅಂದರೆ ಅವರ ಆರ್‌ಟಿಒ. ಅಲ್ಲಿ ಆಗ ಕೇಳಿದವರಿಗೆ ಸಣ್ಣ ಶುಲ್ಕಕ್ಕೆ ಅದನ್ನು ಕೊಡುತ್ತಿದ್ದರು. ಈ ಕೊಲೆಯ ನಂತರ ಕ್ಯಾಲಿಫೋರ್ನಿಯಾ ನಿಯಮ ಬಿಗಿ ಮಾಡಿತು, 1994ರಲ್ಲಿ ಇಡೀ ದೇಶಕ್ಕೆ ಕಾನೂನು ಬಂತು. ಆ ಕಾನೂನು ವಿಳಾಸವನ್ನು ಪೂರ್ತಿ ಬೀಗ ಹಾಕಿ ಇಟ್ಟಿಲ್ಲ. ಕೋರ್ಟು, ಪೊಲೀಸು, ಇನ್ಶೂರೆನ್ಸ್ ಹೀಗೆ ಯಾವ ಕೆಲಸಕ್ಕೆ ಕೊಡಬಹುದು ಅಂತ ಹೆಸರಿಸಿದೆ.

ನಮ್ಮ ಕಡೆಯ ಒಂದು ಉದಾಹರಣೆ ಇನ್ನೂ ಹತ್ತಿರದ್ದು. ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಯಾಗುವವರು 30 ದಿನ ಮೊದಲು ನೋಟಿಸ್ ಕೊಡಬೇಕು, ಅದನ್ನು ಕಚೇರಿಯ ಬೋರ್ಡಿಗೆ ಅಂಟಿಸುತ್ತಾರೆ. 1954ರಿಂದ ಇರುವ ನಿಯಮ. ಕೇರಳದಲ್ಲಿ ಇದನ್ನೇ ವೆಬ್‌ಸೈಟಿಗೂ ಹಾಕತೊಡಗಿದರು, ಫೋಟೋ ಮತ್ತು ವಿಳಾಸದ ಸಮೇತ. ಬೇರೆ ಬೇರೆ ಧರ್ಮದ ಜೋಡಿಗಳ ನೋಟಿಸುಗಳನ್ನೇ ಆರಿಸಿ ವಾಟ್ಸಾಪ್‌ನಲ್ಲಿ ಹಂಚುವವರು ಹುಟ್ಟಿಕೊಂಡರು. 2020ರಲ್ಲಿ ಸರ್ಕಾರ ವೆಬ್‌ಸೈಟಿನಲ್ಲಿ ಹಾಕುವುದನ್ನು ನಿಲ್ಲಿಸಿತು, ಕಚೇರಿಯ ಬೋರ್ಡಿನಲ್ಲಿ ಅಂಟಿಸುವುದು ಮುಂದುವರಿಯಿತು. ಮಾಹಿತಿ ಅದೇ, ಬೋರ್ಡು ಬೇರೆ. ಬೋರ್ಡಿನ ಮುಂದೆ ಹೋಗಿ ನಿಲ್ಲುವವನಿಗೆ ಒಂದು ಮುಖ ಇರುತ್ತದೆ, ಪಿಡಿಎಫ್ ಇಳಿಸಿಕೊಳ್ಳುವವನಿಗೆ ಇರುವುದಿಲ್ಲ.

ಭಾರತದಲ್ಲಿ ಇದಕ್ಕೆಲ್ಲ ಬೇರು ಒದಗಿಸಿದವರು ನಮ್ಮ ರಾಜ್ಯದವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ವಿರುದ್ಧ ಹಾಕಿದ ಅರ್ಜಿಯಲ್ಲೇ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿತು. ಹಾಗಂತ ಸರ್ಕಾರ ತಕ್ಷಣ ಬುದ್ಧಿ ಕಲಿಯಲಿಲ್ಲ. 2019ರಲ್ಲಿ ಸಾರಿಗೆ ಸಚಿವಾಲಯ ವಾಹನ ನೋಂದಣಿಯ ಡೇಟಾವನ್ನು ಸಗಟಾಗಿ ಮಾರಲು ನೀತಿ ತಂದಿತ್ತು, ಕಂಪನಿಗಳಿಗೆ ವರ್ಷಕ್ಕೆ 3 ಕೋಟಿ ರೂಪಾಯಿ. ಖಾಸಗಿತನದ ಆಕ್ಷೇಪ ಎದ್ದ ಮೇಲೆ 2020ರಲ್ಲಿ ಅದನ್ನು ಕೈಬಿಟ್ಟರು.

ಸರಿ, ಮುಂಬಾಗಿಲು ಮುಚ್ಚಿದೆ. ತಮ್ಮನಿಗೆ ಹಿತ್ತಿಲ ಬಾಗಿಲೂ ಗೊತ್ತಿತ್ತು. ಟೆಲಿಗ್ರಾಮ್‌ನಲ್ಲಿ ನಂಬರ್ ಹಾಕಿದರೆ ಹೆಸರು, ವಿಳಾಸ, ಫೋನು ಎಲ್ಲ ಉಗುಳುತ್ತೇವೆ ಅನ್ನುವ ಬಾಟ್‌ಗಳಿವೆ. ಯಾರದೋ ಪರಿಚಯದ ಏಜೆಂಟ್ ಐನೂರು ರೂಪಾಯಿಗೆ ತೆಗೆಸಿಕೊಡುತ್ತೇನೆ ಅಂದಿದ್ದನಂತೆ. ಬಾಟ್‌ಗಳ ಸರಕು ಎಲ್ಲೋ ಸೋರಿದ ಹಳೆಯ ಡೇಟಾ, ಯಾವ ವರ್ಷದ್ದು ಅಂತ ಅದರ ಮೇಲೆ ಬರೆದಿರುವುದಿಲ್ಲ. ಇನ್ನು ಕೆಲಸದ ಸಲುವಾಗಿ ಕೈಗೆ ಬಂದ ಮಾಹಿತಿಯನ್ನು ಲಾಭಕ್ಕಾಗಿ ಹೊರಗೆ ಕೊಡುವುದು ಐಟಿ ಕಾಯ್ದೆಯ 72ಎ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಜೈಲಿನ ಅಪರಾಧ. ನಾನು ಅವನಿಗೆ ಜೈಲಿನ ಮಾತು ಹೇಳಲಿಲ್ಲ, ಅದು ಆ ರಾತ್ರಿ ಅವನ ಕಿವಿಗೆ ಹೋಗುತ್ತಿರಲಿಲ್ಲ. ಹೇಳಿದ್ದು ಇಷ್ಟೇ: "ನೀ ತೆಗೆದ ಅಡ್ರೆಸ್ ಕೋರ್ಟಿನಾಗ ನಡಿಯಲ್ಲ. ನೀ ಅಲ್ಲಿ ಹೋಗಿ ಒಂದು ಏಟು ಹಾಕಿದಿ ಅಂದ್ರ, ಕಾಕಾಗ ಬರೋ ರೊಕ್ಕದ ಕೇಸಿನ ಬಾಜೂಕ ನಿನ್ನ ಮ್ಯಾಲಿಂದು ಒಂದು ಕೇಸು ಕುಂದರ್ತದ." ರೊಕ್ಕದ ಮಾತಿಗೆ ಅವನು ಸ್ವಲ್ಪ ತಣ್ಣಗಾದ.

ಆರ್‌ಟಿಐ ಹಾಕಿದರೆ ಅಂತ ನಿಮ್ಮಲ್ಲಿ ಕೆಲವರು ಯೋಚಿಸುತ್ತಿರಬಹುದು. ಬೇರೆಯವರ ಮನೆಯ ವಿಳಾಸ ವೈಯಕ್ತಿಕ ಮಾಹಿತಿ, 8(1)(ಜೆ) ಅಡಿ ತಿರಸ್ಕಾರವಾಗುತ್ತದೆ. 2025ರ ನವೆಂಬರ್‌ನಲ್ಲಿ ಡೇಟಾ ಸಂರಕ್ಷಣಾ ಕಾಯ್ದೆಯ ಮೂಲಕ ಆ ಕಲಮನ್ನು ಇನ್ನೂ ಅಗಲ ಮಾಡಿದ್ದಾರೆ. ಅಧಿಕಾರಿಗಳ ಮಾಹಿತಿಯನ್ನೂ ಅದರ ಹಿಂದೆ ಮುಚ್ಚಿಡಬಹುದು ಅನ್ನುವ ಸಿಟ್ಟು ನನಗಿದೆ, ಆದರೆ ಅದು ಬೇರೆ ಜಗಳ.

ಈಗ ತೆರೆದಿರುವ ಬಾಗಿಲು. ಮೋಟಾರು ವಾಹನ ಕಾಯ್ದೆ 1988ರಲ್ಲಿ 160ನೇ ಸೆಕ್ಷನ್ ಅಂತ ಒಂದಿದೆ. ನನ್ನ ಗೆಳೆಯರಲ್ಲಿ ಒಬ್ಬರಿಗೂ ಇದು ಗೊತ್ತಿರಲಿಲ್ಲ, ನನಗೆ ತೋರಿಸಿದವರು ಕಲಬುರಗಿಯ ವಕೀಲರು. ಅಪಘಾತದಿಂದ ಪರಿಹಾರ ಕೇಳುವ ಹಕ್ಕು ತನಗಿದೆ ಅನ್ನುವ ವ್ಯಕ್ತಿ ಕೇಳಿದರೆ, ಗಾಡಿಯ ಗುರುತಿನ ವಿವರ ಮತ್ತು ಅಪಘಾತದ ಹೊತ್ತಿಗೆ ಅದನ್ನು ಬಳಸುತ್ತಿದ್ದವರ ಹೆಸರು, ವಿಳಾಸವನ್ನು ನಿಗದಿತ ಶುಲ್ಕ ಕಟ್ಟಿಸಿಕೊಂಡು ಕೊಡುವುದು ನೋಂದಣಿ ಅಧಿಕಾರಿ ಅಥವಾ ಠಾಣಾಧಿಕಾರಿಯ ಕರ್ತವ್ಯ. ಗಮನಿಸಿ, ನಕ್ಷತ್ರ ಚಿಹ್ನೆಯ ಹಿಂದಿರುವ ಅದೇ ಮಾಹಿತಿ. ಬಾಟ್‌ಗೂ ಇದಕ್ಕೂ ವ್ಯತ್ಯಾಸ ಏನೆಂದರೆ ಇಲ್ಲಿ ಕೇಳುವವನು ತಾನು ಯಾರು, ಯಾಕೆ ಬೇಕು ಅಂತ ಬರೆದು ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಜೊತೆಗಿಡಬೇಕು.

ಹಾಗಾಗಿ ಎಲ್ಲ ಶುರುವಾಗುವುದು ಎಫ್‌ಐಆರ್‌ನಿಂದ. ಅಪಘಾತದ ಗಾಯಾಳು ಬಂದರೆ ಆಸ್ಪತ್ರೆಯವರು ಎಂಎಲ್‌ಸಿ ಅಂತ ಬರೆದು ಪೊಲೀಸರಿಗೆ ತಿಳಿಸುತ್ತಾರೆ, ಆದರೂ ನಮ್ಮ ಕಡೆಯಿಂದ ಒಬ್ಬರು ಹೋಗಿ ದೂರು ಕೊಡುವುದು ಒಳ್ಳೆಯದು. ತಮ್ಮ ಬೆಳಿಗ್ಗೆ ಐದು ಮಂದಿಯ ಬದಲು ಬಾಳೆಹಣ್ಣಿನ ಅಕ್ಕನನ್ನು ಕರೆದುಕೊಂಡು ಠಾಣೆಗೆ ಹೋದ. ರಟ್ಟಿನ ಡಬ್ಬಿಯನ್ನೂ ಒಯ್ದ. ನಂಬರಿನಲ್ಲಿ ಒಂದು ಅಂಕಿ 3 ಅಥವಾ 8 ಅನ್ನುವ ಗೊಂದಲ ಇತ್ತು. ವಾಹನ್ ತಾಣ ಇಲ್ಲಿ ನ್ಯಾಯವಾಗಿಯೇ ಉಪಯೋಗಕ್ಕೆ ಬಂತು: 3 ಹಾಕಿದರೆ ಅದು ಯಾವುದೋ ಟ್ರ್ಯಾಕ್ಟರ್, 8 ಹಾಕಿದರೆ ಬಿಳಿ ಕಾರು. ಯಾರ ಹೆಸರೂ ಬೇಕಾಗಲಿಲ್ಲ. ದೂರಿನಲ್ಲಿ ಸಾಕ್ಷಿಯ ಹೆಸರು, ಹೊತ್ತು, ಕಾರು ಹೋದ ದಿಕ್ಕು ಇರಲಿ ಅಂತ ವಕೀಲರು ಹೇಳಿದ್ದರು. ಎಫ್‌ಐಆರ್ ಪ್ರತಿ ದೂರು ಕೊಟ್ಟವರಿಗೆ ಉಚಿತ, ಕೇಳಿ ಪಡೆಯಿರಿ.

ಆಮೇಲೆ ವಿಳಾಸ ಹುಡುಕುವ ಕೆಲಸ ನಮ್ಮದಲ್ಲ, ಪೊಲೀಸರದ್ದು. ಅವರು ಆರ್‌ಟಿಒದಿಂದ ಆರ್‌ಸಿ ವಿವರ ತರಿಸುತ್ತಾರೆ, 133ನೇ ಸೆಕ್ಷನ್ ಅಡಿ ಮಾಲೀಕರಿಗೆ ನೋಟಿಸ್ ಕೊಟ್ಟು ಆ ದಿನ ಗಾಡಿ ಯಾರು ಓಡಿಸುತ್ತಿದ್ದರು ಅಂತ ಕೇಳುತ್ತಾರೆ. ಮಾಲೀಕರು ಹೇಳಲೇಬೇಕು. 2022ರ ಏಪ್ರಿಲ್‌ನಿಂದ ಬಂದ ನಿಯಮಗಳ ಪ್ರಕಾರ ಪೊಲೀಸರು 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು ಪರಿಹಾರ ನ್ಯಾಯಮಂಡಳಿಗೂ ಇನ್ಶೂರೆನ್ಸ್ ಕಂಪನಿಗೂ ಕಳಿಸಬೇಕು, 90 ದಿನದೊಳಗೆ ವಿವರವಾದ ವರದಿ ಕೊಡಬೇಕು. ಮಾಲೀಕ, ಚಾಲಕ, ಇನ್ಶೂರೆನ್ಸ್ ಮೂವರ ವಿವರವೂ ಅದರಲ್ಲಿ ಬರುತ್ತದೆ.

ನಮ್ಮ ಕೇಸಿನಲ್ಲಿ ಬಂದ ವಿವರ ಓದಿದಾಗ ತಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆರ್‌ಸಿಯಲ್ಲಿ ಹೆಸರಿದ್ದವರು ಹತ್ತು ತಿಂಗಳ ಹಿಂದೆಯೇ ಕಾರನ್ನು ಒಬ್ಬ ಬ್ರೋಕರ್ ಮೂಲಕ ಮಾರಿದ್ದರು. ಕೊಂಡವನು ಆರ್‌ಸಿ ತನ್ನ ಹೆಸರಿಗೆ ಮಾಡಿಸಿಕೊಂಡಿರಲಿಲ್ಲ. ಆರ್‌ಸಿ ವಿಳಾಸದ ಮನೆಯಲ್ಲಿ ಆ ವಾರ ಇದ್ದದ್ದು ಹಳೆ ಮಾಲೀಕರ ಹೆಂಡತಿ, ಒಂದು ಕೂಸು ಮತ್ತು ಕಣ್ಣು ಕಾಣದ ಅತ್ತೆ. ಮಾಲೀಕರು ಕೆಲಸದ ಮೇಲೆ ಪುಣೆಯಲ್ಲಿದ್ದರು.

ಸೆಕೆಂಡ್ ಹ್ಯಾಂಡ್ ಗಾಡಿ ಓಡಾಡುವ ನಮ್ಮ ಕಡೆ ಇದು ಅಪರೂಪವೇನಲ್ಲ. ಮನೆ ಬದಲಿಸಿದವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು ಅಂತ ಕಾನೂನಿದೆ. ನೀವು ಬೆಂಗಳೂರಿನಲ್ಲಿ ಎಷ್ಟು ಸಲ ಮನೆ ಬದಲಿಸಿದ್ದೀರಿ, ನಿಮ್ಮ ಬೈಕಿನ ಆರ್‌ಸಿಯಲ್ಲಿ ಯಾವ ವಿಳಾಸ ಇದೆ, ಒಮ್ಮೆ ನೋಡಿಕೊಳ್ಳಿ. ನೀವು ಬಿಟ್ಟ ಮನೆಯಲ್ಲಿ ಈಗ ಯಾರೋ ಇದ್ದಾರೆ.

ಆದರೆ ಹಳೆ ಮಾಲೀಕರಿಗೆ ಸಂಬಂಧವೇ ಇಲ್ಲ ಅಂತಲೂ ಅಲ್ಲ. 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮಾರಿದ್ದರೂ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಪರಿಹಾರದ ಮಟ್ಟಿಗೆ ಅವರೇ ಮಾಲೀಕರು ಅಂತ ಹೇಳಿದೆ. ಗಾಯಾಳು ಕೈಯಿಂದ ಕೈಗೆ ದಾಟಿದ ಗಾಡಿಯ ಹಿಂದೆ ಓಡುತ್ತಾ ಕೂರಬಾರದು ಅನ್ನುವುದು ಅದರ ತರ್ಕ. ಹೀಗಾಗಿ ನಮ್ಮ ಅರ್ಜಿಯಲ್ಲಿ ಮೂವರು ಎದುರುದಾರರು: ಚಾಲಕ, ಆರ್‌ಸಿ ಮಾಲೀಕ, ಇನ್ಶೂರೆನ್ಸ್ ಕಂಪನಿ. ಗಾಡಿ ಮಾರುವವರು ಇದನ್ನು ಎರಡು ಸಲ ಓದಿ. ಬ್ರೋಕರ್ ಕೈಗೆ ಸಹಿ ಮಾಡಿದ ಖಾಲಿ ಫಾರಂ ಕೊಟ್ಟು ಬಂದರೆ ಮಾರಿದಂತಾಗುವುದಿಲ್ಲ.

ಅರ್ಜಿ ಹಾಕಲು ಬೀದರ್‌ಗೂ ಹೋಗಬೇಕಾಗಲಿಲ್ಲ. ಅಪಘಾತ ನಡೆದ ಜಾಗ, ಗಾಯಾಳು ಇರುವ ಜಾಗ, ಎದುರುದಾರ ಇರುವ ಜಾಗ, ಮೂರರಲ್ಲಿ ಎಲ್ಲಿಯಾದರೂ ಹಾಕಬಹುದು. ನಾವು ಕಲಬುರಗಿಯಲ್ಲೇ ಹಾಕಿದೆವು, ಏಪ್ರಿಲ್‌ನಲ್ಲಿ. ಅಪಘಾತವಾದ ಆರು ತಿಂಗಳೊಳಗೆ ಹಾಕಬೇಕು ಅನ್ನುವ ಮಿತಿ 2022ರಿಂದ ಮತ್ತೆ ಜಾರಿಗೆ ಬಂದಿದೆ, ಅದಕ್ಕೇ ವಕೀಲರು ಕಾಕಾನ ಪ್ಲಾಸ್ಟರ್ ಬಿಚ್ಚುವವರೆಗೂ ಕಾಯಲಿಲ್ಲ. ಚಾರ್ಜ್‌ಶೀಟಿನ ಪ್ರತಿ, ಪಂಚನಾಮೆ, ಗಾಯದ ಸರ್ಟಿಫಿಕೇಟು, ಮೋಟಾರು ವಾಹನ ನಿರೀಕ್ಷಕರ ವರದಿ, ಇನ್ಶೂರೆನ್ಸ್ ಪಾಲಿಸಿಯ ನಕಲು ಜೊತೆಗಿಟ್ಟರು. ಒಂದು ವೇಳೆ ನಂಬರೇ ಸಿಗದೆ ಹೋಗಿದ್ದರೆ? ಹಾಗಾದಾಗ 161ನೇ ಸೆಕ್ಷನ್ ಅಡಿ ತಹಸೀಲ್ದಾರ್ ಮಟ್ಟದಲ್ಲಿ ಅರ್ಜಿ ಹಾಕಬಹುದು. ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ, ಯಾರ ವಿಳಾಸವೂ ಬೇಡ.

ಕೋರ್ಟಿನ ನೋಟಿಸು ಹೋಗುವ ರೀತಿ ನನಗೆ ಇಷ್ಟವಾಯಿತು, ಒಂದು ಒಳ್ಳೆಯ ಎರರ್ ಹ್ಯಾಂಡ್ಲಿಂಗ್ ನೋಡಿದ ಹಾಗೆ. ಮೊದಲು ಕೈಗೇ ಕೊಡಲು ಯತ್ನ. ಅವರಿಲ್ಲದಿದ್ದರೆ ಮನೆಯ ವಯಸ್ಕರೊಬ್ಬರಿಗೆ. ತೆಗೆದುಕೊಳ್ಳದಿದ್ದರೆ ಬಾಗಿಲಿಗೆ ಅಂಟಿಸುವುದು. ಆರ್‌ಸಿ ಮಾಲೀಕರಿಗೆ ನೋಟಿಸು ತಲುಪಿತು, ಅವರು ವಕೀಲರನ್ನೂ ಇಟ್ಟರು. ಚಾಲಕನ ನೋಟಿಸು ಮಾತ್ರ "ಮನೆ ಬಿಟ್ಟು ಹೋಗಿದ್ದಾರೆ" ಅಂತ ಷರಾದೊಂದಿಗೆ ಎರಡು ಸಲ ವಾಪಸ್ ಬಂತು. ತಮ್ಮ ಮತ್ತೆ ಬಿಸಿಯಾದ: "ಈಗರೆ ಹುಡುಕೋಣಲ್ಲ ಅಣ್ಣ?" ಬೇಕಾಗಲಿಲ್ಲ. ಕಾನೂನು ಅದಕ್ಕೂ ದಾರಿ ಇಟ್ಟಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶದ 20ನೇ ನಿಯಮ. ಎದುರುದಾರ ಬೇಕಂತಲೇ ತಪ್ಪಿಸಿಕೊಳ್ಳುತ್ತಿದ್ದಾನೆ, ಅಥವಾ ಮಾಮೂಲಿ ದಾರಿಯಲ್ಲಿ ತಲುಪಿಸಲು ಆಗುತ್ತಿಲ್ಲ ಅಂತ ನ್ಯಾಯಾಧೀಶರಿಗೆ ಮನವರಿಕೆಯಾದರೆ, ಅವನು ಕೊನೆಗೆ ಇದ್ದನೆನ್ನುವ ಊರಿನ ಕಡೆ ಓಡಾಡುವ ಪತ್ರಿಕೆಯಲ್ಲಿ ಪ್ರಕಟಣೆ ಕೊಡಲು ಹೇಳಬಹುದು. ಪತ್ರಿಕೆಯ ಒಳಪುಟಗಳಲ್ಲಿ ನಾವು ಯಾರೂ ಓದದ ಆ ಸಣ್ಣಕ್ಷರದ ಚೌಕಗಳು ಇವೇ. ಖರ್ಚು ನಮ್ಮದು. ಪ್ರಕಟಣೆಯಾದರೆ ಕೈಗೆ ಕೊಟ್ಟಷ್ಟೇ ಸಮ. ಅವನು ಬರಲಿಲ್ಲ, ಅವನನ್ನು ಎಕ್ಸ್‌ಪಾರ್ಟಿ ಅಂತ ಬರೆದು ಕೇಸು ಮುಂದೆ ಹೋಯಿತು. ಇವತ್ತಿಗೂ ಅವನು ಎಲ್ಲಿ ಮಲಗುತ್ತಾನೆ ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಅಪಘಾತದ ಮಾತಾದರೆ 160 ಇದೆ, ಬೇರೆ ಕಾರಣಕ್ಕೆ ಹುಡುಕುವವರಿಗೆ ಏನು ಅಂತ ಒಬ್ಬ ಸಹೋದ್ಯೋಗಿ ಕೇಳಿದರು. ಅವರಿಗೆ ಡಿಗ್ರಿ ಕಾಲದ ರೂಮ್‌ಮೇಟ್ ಬೇಕಾಗಿದ್ದ. ಅಂಥದಕ್ಕೆ ಕಾನೂನಿನ ಪುಸ್ತಕ ಬೇಡ. ಇಬ್ಬರಿಗೂ ಗೊತ್ತಿರುವ ಒಬ್ಬರ ಕೈಯಲ್ಲಿ ನಿಮ್ಮ ನಂಬರ್ ಕಳಿಸಿ, ಅವರ ನಂಬರ್ ಕೇಳಬೇಡಿ. ಇಷ್ಟವಿದ್ದರೆ ಅವರೇ ಫೋನ್ ಮಾಡುತ್ತಾರೆ. ಸಾಲ ತೀರಿಸದವನಾದರೆ ಗೊತ್ತಿರುವ ಕೊನೆಯ ವಿಳಾಸಕ್ಕೆ ವಕೀಲರ ನೋಟಿಸು, ಆಮೇಲೆ ದಾವೆ, ಆಮೇಲೆ ಇದೇ 20ನೇ ನಿಯಮ. ಜಮೀನಿನ ಮಾತಾದರೆ ಪಹಣಿಯಲ್ಲಿ ಮಾಲೀಕರ ಹೆಸರು ಯಾರು ಬೇಕಾದರೂ ನೋಡಬಹುದು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಆಸ್ತಿಗೆ ಸಂಬಂಧಿಸಿದ ಒಂದನೇ ಪುಸ್ತಕವನ್ನು ಶುಲ್ಕ ಕಟ್ಟಿ ಪರಿಶೀಲಿಸಬಹುದು. ಆದರೆ ಉಯಿಲು ಬರೆದಿಡುವ ಮೂರನೇ ಪುಸ್ತಕಕ್ಕೆ ಆ ಹಕ್ಕು ಎಲ್ಲರಿಗೂ ಇಲ್ಲ. ನಮ್ಮ ಅಜ್ಜಂದಿರ ಕಾಲದ 1908ರ ಕಾಯ್ದೆಗೂ ಈ ವಿವೇಕ ಇತ್ತು.

ಕಾಕಾನ ಕೇಸು ಈಗ ಸಾಕ್ಷಿಯ ಹಂತದಲ್ಲಿದೆ. ಬಾಳೆಹಣ್ಣಿನ ಅಕ್ಕ ಬಂದು ಹೇಳಿಕೆ ಕೊಟ್ಟು ಹೋಗಿದ್ದಾಳೆ, ಆ ದಿನದ ವ್ಯಾಪಾರ ಹೋಯಿತು ಅಂತ ತಮ್ಮ ಅವಳ ಬುಟ್ಟಿಯನ್ನು ಪೂರ್ತಿ ಕೊಂಡು ಕೋರ್ಟಿನ ಆವರಣದಲ್ಲೇ ಹಂಚಿದ. ಇನ್ನು ಉಳಿದದ್ದು ಎಲುಬಿನ ಡಾಕ್ಟರು. ಕಾಲು ಶೇಕಡಾ ಎಷ್ಟು ಊನ ಅಂತ ಅವರು ಹೇಳಬೇಕು, ಇನ್ಶೂರೆನ್ಸ್ ವಕೀಲರು ಅದನ್ನು ಕಡಿಮೆ ಮಾಡಲು ನೋಡುತ್ತಾರೆ. ಕಾಕಾ ಮಾತ್ರ ಕೋಲು ಬಿಟ್ಟು ನಡೆಯಲು ಶುರು ಮಾಡಿದ್ದಾನೆ. ಕೋರ್ಟಿಗೆ ಹೋಗುವ ದಿನ ಕೋಲು ಹಿಡಿಯಬೇಕೋ ಬೇಡವೋ ಅಂತ ನನ್ನನ್ನು ಕೇಳಿದ. ವಕೀಲರನ್ನು ಕೇಳು ಅಂದೆ. ಅವರು, "ಹೆಂಗ ನಡೀತೀರೋ ಹಂಗೇ ಬರ್ರಿ" ಅಂದರಂತೆ.